ತರತಮದ ಹೆಸರುಗಳು: ಗೃಹೋಪಕರಣ ಮಾದರಿಗಳ ನಾಮಸರಣಿಯಲ್ಲಿ ಏರಿಕೆಯ ಅರ್ಥ

ಒಂದೇ ಸಂಸ್ಥೆ ಒಂದೇ ಕೆಲಸಕ್ಕೆ ಒದಗುವ ಐದಾರು ಯಂತ್ರಗಳನ್ನು ಬೇರೆ ಬೇರೆ ಬೆಲೆಗೆ ಮಾರುವಾಗ ಅವುಗಳ ಹೆಸರುಗಳ ಮೇಲೆ ಎರಡು ಹೊಣೆಗಳು ಬೀಳುತ್ತವೆ. ಪ್ರತಿಯೊಂದು ಹೆಸರೂ ತನ್ನ ಯಂತ್ರವನ್ನು ಉಳಿದವುಗಳಿಂದ ಬೇರ್ಪಡಿಸಿ ಗುರುತಿಸಬೇಕು. ಇದು ಎಲ್ಲ ಅಂಕಿತನಾಮಗಳ ಕೆಲಸ. ಅದರ ಜೊತೆಗೆ, ಆ ಯಂತ್ರವು ಸಾಲಿನಲ್ಲಿ ಯಾವುದಕ್ಕಿಂತ ಮೇಲು, ಯಾವುದಕ್ಕಿಂತ ಕೆಳಗು ಎಂಬುದನ್ನೂ ಅದು ಸೂಚಿಸಬೇಕು. ಈ ಎರಡನೆಯ ಹೊಣೆ ಅಂಕಿತನಾಮದ ಸ್ವಭಾವಕ್ಕೆ ಹೊರತಾದದ್ದು. ರಾಮ, ಸೋಮ, ಭೀಮ ಎಂಬ ಹೆಸರುಗಳು ಮೂವರನ್ನು ಗುರುತಿಸುತ್ತವೆಯೇ ಹೊರತು ಅವರನ್ನು ಎತ್ತರದ ಕ್ರಮದಲ್ಲಿ ನಿಲ್ಲಿಸುವುದಿಲ್ಲ. ಮಾದರಿಗಳ ಹೆಸರು ಮಾತ್ರ ಗುರುತೂ ಆಗಿರಬೇಕು, ಅಳತೆಯೂ ಆಗಿರಬೇಕು.

ಈ ಎರಡನೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದಕ್ಕೆ ಇದುವರೆಗಿನ ಬರಹಗಳು ಮುಖ್ಯವಾಗಿ ಎರಡು ಉತ್ತರಗಳನ್ನು ನೀಡಿವೆ. ಮೊದಲನೆಯದು ಧ್ವನಿಸಾಂಕೇತಿಕತೆಯನ್ನು ಆಶ್ರಯಿಸಿದೆ: ಕೆಲವು ಧ್ವನಿಗಳು ತಾವಾಗಿಯೇ ಹಿರಿದನ್ನು, ಬಲವನ್ನು ಸೂಚಿಸುತ್ತವೆ ಎಂಬ ವಾದ. ಎರಡನೆಯದು ಸಂಖ್ಯೆಯನ್ನು ಆಶ್ರಯಿಸಿದೆ: ಹೆಸರಿನಲ್ಲಿ ದೊಡ್ಡ ಸಂಖ್ಯೆ ಇದ್ದರೆ ಯಂತ್ರವೂ ಮೇಲಿನದು ಎಂದು ಕೇಳುಗ ಭಾವಿಸುತ್ತಾನೆ ಎಂಬ ವಾದ. ಈ ಎರಡೂ ಉತ್ತರಗಳು ಸಾಲವು ಎಂಬುದು ನಮ್ಮ ನಿಲುವು. ಧ್ವನಿಯಾಗಲಿ ಸಂಖ್ಯೆಯಾಗಲಿ ತನ್ನಷ್ಟಕ್ಕೆ ಏರಿಕೆಯನ್ನು ಹೇಳುವುದಿಲ್ಲ. ಹೆಸರಿನ ಒಂದು ಸ್ಥಾನವು ಒಂದೇ ಗುಣದ ಅಳತೆಗೆ ಮೀಸಲಾಗಿದ್ದಾಗ, ಮತ್ತು ಆ ಮೀಸಲಾತಿ ಕೇಳುಗನಿಗೆ ತಿಳಿದಿದ್ದಾಗ ಮಾತ್ರ ಏರಿಕೆ ಕೇಳಿಸುತ್ತದೆ. ಇದನ್ನು ಡೈಸನ್ ಸಂಸ್ಥೆಯ ತಂತಿರಹಿತ ವ್ಯಾಕ್ಯೂಮ್ ಕ್ಲೀನರ್‌ಗಳ 'ವಿ' ಸರಣಿಯನ್ನು ಆಧಾರವಾಗಿಟ್ಟುಕೊಂಡು ಪರಿಶೀಲಿಸುತ್ತೇವೆ. ಆ ಸರಣಿಯ ಹೆಸರುಗಳು ಜಗತ್ತಿನ ಹಲವೆಡೆ ಪರಿಚಿತವಾಗಿವೆ. ಅದರ ಯಶಸ್ಸು ಮತ್ತು ಮುಗ್ಗರಿಕೆ ಎರಡೂ ಹೆಸರುಗಳಲ್ಲೇ ಓದಿಕೊಳ್ಳುವಷ್ಟು ಸ್ಪಷ್ಟವಾಗಿವೆ.

1. ಧ್ವನಿಯ ಮಿತಿ

ಎಡ್ವರ್ಡ್ ಸಪೀರ್ 1929ರಲ್ಲಿ ಪ್ರಕಟಿಸಿದ ಪ್ರಯೋಗ ಈ ಚರ್ಚೆಯ ಆರಂಭಬಿಂದು. 'ಮಿಲ್' ಮತ್ತು 'ಮಲ್' ಎಂಬ ಎರಡು ಅರ್ಥರಹಿತ ಪದಗಳಲ್ಲಿ ಯಾವುದು ದೊಡ್ಡ ಮೇಜಿಗೆ, ಯಾವುದು ಚಿಕ್ಕ ಮೇಜಿಗೆ ಒಪ್ಪುತ್ತದೆ ಎಂದು ಕೇಳಿದಾಗ ಬಹುಪಾಲು ಜನ ತೆರೆದ ಸ್ವರವಿರುವ ಪದವನ್ನು ದೊಡ್ಡದಕ್ಕೆ ಆರಿಸಿದರು. ಈ ಒಲವಿಗೆ ಜಾನ್ ಓಹಾಲ ಶ್ರವಣಶಾಸ್ತ್ರೀಯ ವಿವರಣೆಯನ್ನು ಒದಗಿಸಿದರು: ತಗ್ಗಿನ ಆವೃತ್ತಿಯ ಧ್ವನಿ ದೊಡ್ಡ ದೇಹವನ್ನು, ಹೆಚ್ಚಿನ ಆವೃತ್ತಿಯ ಧ್ವನಿ ಚಿಕ್ಕ ದೇಹವನ್ನು ಸೂಚಿಸುತ್ತದೆ. ಮುಂದೆ ಮಾರುಕಟ್ಟೆಯ ಹೆಸರುಗಳನ್ನು ಅಧ್ಯಯನ ಮಾಡಿದವರು ಇದೇ ಎಳೆಯನ್ನು ಹಿಡಿದರು.

ಈ ಫಲಿತಾಂಶಗಳನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಅವು ಎರಡು ಅಪರಿಚಿತ ಪದಗಳ ನಡುವಿನ ಆಯ್ಕೆಗೆ ಸಂಬಂಧಿಸಿದವು. ಸರಣಿಯೊಂದರಲ್ಲಿ ಐದು ಹೆಸರುಗಳಿದ್ದರೆ ಸ್ವರಗಳ ತೆರಪನ್ನು ಐದು ಮೆಟ್ಟಿಲುಗಳಾಗಿ ಕೇಳಿಸಿಕೊಳ್ಳುವುದು ಸಾಧ್ಯವಿಲ್ಲ. ಹೆಸರಿನಲ್ಲಿ ಸಂಖ್ಯೆ ಸೇರಿದ ಕ್ಷಣವೇ ಧ್ವನಿಯ ಸೂಚನೆ ಹಿಂದೆ ಸರಿಯುತ್ತದೆ. 'ವಿ' ಸರಣಿಯ ಸಂಖ್ಯೆಗಳನ್ನು ಇಂಗ್ಲಿಷಿನಲ್ಲಿ ಉಚ್ಚರಿಸಿ ನೋಡಬಹುದು: ಸಿಕ್ಸ್, ಎಯ್ಟ್, ಟೆನ್. ಇಕಾರದಿಂದ ಎಕಾರಕ್ಕೆ, ಅಲ್ಲಿಂದ ಇನ್ನೂ ತೆರೆದ ಎಕಾರಕ್ಕೆ ಸ್ವರ ಅಗಲವಾಗುತ್ತಾ ಹೋಗುವುದರಿಂದ ಧ್ವನಿವಾದ ಇಲ್ಲಿಯವರೆಗೆ ನಿಲ್ಲುತ್ತದೆ. ಮುಂದಿನ ಮಾದರಿಗಳಲ್ಲೊಂದು ಫಿಫ್ಟೀನ್. ಅದರ ಎರಡು ಸ್ವರಗಳೂ ಮುಚ್ಚಿದ ಮುಂಗಡೆಯ ಸ್ವರಗಳು. ಸಪೀರ್ ಅವರ ತರ್ಕದಂತೆ ಅದು ಟೆನ್‌ಗಿಂತ ಕಿರಿದಾಗಿ ಕೇಳಿಸಬೇಕಿತ್ತು. ಹಾಗೆ ಯಾರಿಗೂ ಕೇಳಿಸುವುದಿಲ್ಲ. ಕನ್ನಡದಲ್ಲಿ ಓದಿದರೆ ವೈರುಧ್ಯ ಇನ್ನೂ ಎದ್ದು ಕಾಣುತ್ತದೆ: ಆರು, ಎಂಟು, ಹತ್ತು, ಹದಿನೈದು ಎಂಬ ಸಾಲಿನಲ್ಲಿ ಅತ್ಯಂತ ತೆರೆದ ದೀರ್ಘಸ್ವರ ಇರುವುದು ಅತ್ಯಂತ ಚಿಕ್ಕ ಸಂಖ್ಯೆಯಾದ ಆರರಲ್ಲಿ. ಆದರೂ ಆರು ಹದಿನೈದಕ್ಕಿಂತ ಹಿರಿದೆಂದು ಯಾವ ಕನ್ನಡಿಗನೂ ಭಾವಿಸುವುದಿಲ್ಲ. ಸಂಖ್ಯಾಪದದ ಅರ್ಥವು ಅದರ ಧ್ವನಿಯ ಒಲವನ್ನು ಪೂರ್ತಿಯಾಗಿ ಮುಚ್ಚಿಬಿಡುತ್ತದೆ.

ಇನ್ನೊಂದು ತೊಡಕೂ ಇದೆ. ಧ್ವನಿ ಸೂಚಿಸುವುದು ಗಾತ್ರವನ್ನು. ಗ್ರಾಹಕ ಕೇಳುವುದು ಸಾಮರ್ಥ್ಯವನ್ನು. ಕೈಯಲ್ಲಿ ಹಿಡಿದು ಗುಡಿಸುವ ಯಂತ್ರದಲ್ಲಿ ಹಗುರವಾಗಿರುವುದೇ ಒಂದು ಮೇಲ್ಮೆ. ಅಂಥ ಕಡೆ ಹಿರಿದೆಂದು ಕೇಳಿಸುವ ಹೆಸರು ತನ್ನ ಉದ್ದೇಶಕ್ಕೇ ವಿರುದ್ಧವಾಗಬಹುದು.

2. ಸಂಖ್ಯೆ ಏನನ್ನು ಎಣಿಸುತ್ತದೆ?

ಸಂಖ್ಯೆಯ ವಾದ ಇದಕ್ಕಿಂತ ಗಟ್ಟಿಯಾದದ್ದು. ಅಕ್ಷರ ಮತ್ತು ಅಂಕಿ ಬೆರೆತ ಹೆಸರುಗಳನ್ನು ಗ್ರಾಹಕರು ಹೇಗೆ ಗ್ರಹಿಸುತ್ತಾರೆ ಎಂಬುದನ್ನು ಪಾವಿಯಾ ಮತ್ತು ಕೋಸ್ಟಾ 1993ರಲ್ಲಿ ಪರಿಶೀಲಿಸಿದರು. ಗುನಾಸ್ತಿ ಮತ್ತು ರಾಸ್ 2010ರಲ್ಲಿ ಅದನ್ನು ಆಯ್ಕೆಯ ಪ್ರಯೋಗಗಳಿಗೆ ವಿಸ್ತರಿಸಿದರು. ದೊಡ್ಡ ಸಂಖ್ಯೆಯುಳ್ಳ ಹೆಸರಿನ ಕಡೆಗೆ ಜನರ ಒಲವಿದೆ ಎಂಬುದು ಈ ಬರಹಗಳಿಂದ ಸ್ಪಷ್ಟ. ನಮ್ಮ ಆಕ್ಷೇಪ ಇರುವುದು ಈ ಒಲವನ್ನು ಸಂಖ್ಯೆಯ ಸಹಜಗುಣವೆಂದು ತಿಳಿಯುವುದರ ಬಗ್ಗೆ.

ಭಾಷೆಯಲ್ಲಿ ಸಂಖ್ಯೆ ಎರಡು ದಿಕ್ಕುಗಳಲ್ಲಿ ಓಡುತ್ತದೆ. ಎಣಿಕೆಯ ಸಂಖ್ಯೆಯಾಗಿ ಅದು ಮೇಲಕ್ಕೆ ಹೋದಷ್ಟೂ ಹೆಚ್ಚು: ಐದು ನಕ್ಷತ್ರ ಮೂರು ನಕ್ಷತ್ರಕ್ಕಿಂತ ಮೇಲು. ಕ್ರಮಸೂಚಕವಾಗಿ ಅದು ಕೆಳಕ್ಕೆ ಬಂದಷ್ಟೂ ಶ್ರೇಷ್ಠ: ಒಂದನೆಯ ದರ್ಜೆ ಎರಡನೆಯ ದರ್ಜೆಗಿಂತ ಮೇಲು, 'ಒಂದನೇ ನಂಬರ್ ಮಾಲು' ಎಂದರೆ ಅದಕ್ಕಿಂತ ಒಳ್ಳೆಯದಿಲ್ಲ. ನಮ್ಮ ರೈಲಿನ ಟಿಕೆಟ್ಟಿನಲ್ಲಿ ಈ ಎರಡೂ ದಿಕ್ಕುಗಳು ಒಟ್ಟಿಗೇ ಇವೆ. ಫಸ್ಟ್ ಎಸಿಯ 'ಒಂದು' ದರ್ಜೆಯ ಕ್ರಮಾಂಕ. ಟು ಟಯರ್, ತ್ರೀ ಟಯರ್ ಎಂಬಲ್ಲಿರುವ ಎರಡು, ಮೂರುಗಳು ಒಂದರ ಮೇಲೊಂದಾಗಿ ಜೋಡಿಸಿದ ಮಲಗುವ ಹಲಗೆಗಳ ಎಣಿಕೆ. ಹಲಗೆ ಹೆಚ್ಚಾದಷ್ಟೂ ಪ್ರಯಾಣಿಕನಿಗೆ ಸಿಗುವ ಜಾಗ ಕಡಿಮೆಯಾದ್ದರಿಂದ ಇಲ್ಲಿ ಎಣಿಕೆ ಏರಿದಂತೆ ದರ್ಜೆ ಇಳಿಯುತ್ತದೆ. ಕಾಕತಾಳೀಯವಾಗಿ ಒಂದು, ಎರಡು, ಮೂರು ಒಂದೇ ಇಳಿಕೆಯ ಸಾಲಾಗಿ ಹೊಂದಿಕೊಂಡಿರುವುದರಿಂದ ಯಾರಿಗೂ ಗೊಂದಲವಾಗುವುದಿಲ್ಲ. ಆದರೆ ಈ ಹೊಂದಿಕೆ ಬಂದದ್ದು ಅಂಕಿಗಳಿಂದಲ್ಲ. ಅವು ಏನನ್ನು ಎಣಿಸುತ್ತವೆ ಎಂಬುದು ಪ್ರಯಾಣಿಕನಿಗೆ ತಿಳಿದಿರುವುದರಿಂದ ಬಂದದ್ದು.

ಆದ್ದರಿಂದ 'ಸಂಖ್ಯೆ ದೊಡ್ಡದಾದರೆ ಯಂತ್ರ ಮೇಲು' ಎಂಬ ಗ್ರಹಿಕೆಯ ಹಿಂದೆ ಯಾವುದೋ ಒಂದನ್ನು ಎಣಿಸಲಾಗಿದೆ ಎಂಬ ಊಹೆ ಇದ್ದೇ ಇರುತ್ತದೆ. 'ವಿ' ಸರಣಿಯ ಹೆಸರುಗಳಲ್ಲಿ ಆ ಊಹೆಗೆ ಒಂದು ಸಿದ್ಧ ಆಸರೆಯಿದೆ. ವಿ6, ವಿ8, ವಿ10, ವಿ12 ಎಂಬ ಹೆಸರುಗಳು ಮೋಟಾರು ವಾಹನಗಳ ಲೋಕದಲ್ಲಿ ಮೊದಲೇ ಇದ್ದವು. ಅಲ್ಲಿ ವಿ ಎಂಬುದು ಎಂಜಿನ್ನಿನ ಸಿಲಿಂಡರುಗಳು ಎರಡು ಸಾಲಾಗಿ ವಿ ಆಕಾರದಲ್ಲಿ ನಿಂತಿರುವುದನ್ನೂ, ಅಂಕಿ ಸಿಲಿಂಡರುಗಳ ಎಣಿಕೆಯನ್ನೂ ಹೇಳುತ್ತವೆ. ಎಂಟು ಸಿಲಿಂಡರಿನದು ಆರರದ್ದಕ್ಕಿಂತ ಸಾಮಾನ್ಯವಾಗಿ ಬಲಶಾಲಿ. ಕ್ಲೀನರಿನಲ್ಲಿ ಸಿಲಿಂಡರುಗಳಿಲ್ಲ, ಅದರ ಅಂಕಿ ಮೋಟಾರಿನ ಪೀಳಿಗೆಯನ್ನು ಹೇಳುತ್ತದೆ. ಆದರೂ ಎಂಜಿನ್ನಿನ ಪ್ರತಿಧ್ವನಿಯಿಂದಾಗಿ ಪೀಳಿಗೆಯ ಅಂಕಿ ಬಲದ ಅಂಕಿಯಂತೆ ಕೇಳಿಸುತ್ತದೆ. ಹೆಸರಿನ ಯಶಸ್ಸು ಇಲ್ಲಿದೆ. ಅದರ ತೊಂದರೆಯ ಬೀಜವೂ ಇಲ್ಲೇ ಇದೆ.

3. 'ವಿ' ಸರಣಿ: ಕಾಲವೋ, ದರ್ಜೆಯೋ?

ಈ ಸಂಸ್ಥೆಯ ಹಿಂದಿನ ಪದ್ಧತಿಯನ್ನು ಮೊದಲು ನೋಡಬೇಕು. 1993ರಲ್ಲಿ ಬಂದ ಅದರ ಮೊದಲ ಕ್ಲೀನರಿನ ಹೆಸರು ಡಿಸಿ01. ಡಿಸಿ ಎಂಬುದು ದೂಳನ್ನು ಸುಳಿಗಾಳಿಯಿಂದ ಬೇರ್ಪಡಿಸುವ ಜೋಡಿ ಸೈಕ್ಲೋನ್ ವ್ಯವಸ್ಥೆಯ ಹ್ರಸ್ವರೂಪ. ಅಂಕಿ ವಿನ್ಯಾಸಗಳ ಅನುಕ್ರಮ. ನೆಲದ ಮೇಲೆ ಎಳೆದೊಯ್ಯುವ ಯಂತ್ರ, ನಿಲುವಿನ ಯಂತ್ರ, ಕೈಯಲ್ಲಿ ಹಿಡಿಯುವ ಪುಟ್ಟ ಯಂತ್ರ ಎಲ್ಲವೂ ಈ ಒಂದೇ ಅನುಕ್ರಮದಲ್ಲಿ ಹೆಸರು ಪಡೆದವು. ಕೈಯಲ್ಲಿ ಹಿಡಿಯುವ ಡಿಸಿ16 ನೆಲದ ದೊಡ್ಡ ಯಂತ್ರವಾದ ಡಿಸಿ01ಕ್ಕಿಂತ ಹದಿನೈದು ಮೆಟ್ಟಿಲು ಮೇಲೆಂದು ಯಾರೂ ತಿಳಿಯಲಿಲ್ಲ, ಏಕೆಂದರೆ ಆ ಅಂಕಿಗಳು ದಾಖಲೆಪುಸ್ತಕದ ಕ್ರಮಸಂಖ್ಯೆಗಳಂತೆ ಕೇಳಿಸುತ್ತಿದ್ದವು. ಮೊದಲಿಗೆ ಸೊನ್ನೆ ಇಟ್ಟು 01 ಎಂದು ಬರೆಯುವುದೇ ಇದು ಅಳತೆಯಲ್ಲ, ಪಟ್ಟಿ ಎಂಬುದರ ಸೂಚನೆ. ಗುರುತಿಸುವ ಹೊಣೆಯನ್ನಷ್ಟೇ ಹೊತ್ತ ಪದ್ಧತಿ ಇದು. ಆ ಮಟ್ಟಿಗೆ ಪ್ರಾಮಾಣಿಕವೂ ಹೌದು.

'ವಿ' ಸರಣಿಯೊಂದಿಗೆ ಪಟ್ಟಿ ಅಳತೆಯಾಯಿತು. ತಂತಿರಹಿತ ಯಂತ್ರಗಳು ಮಾತ್ರ ಈ ಹೆಸರನ್ನು ಪಡೆದುದರಿಂದ ಹೋಲಿಕೆಗೆ ಒಂದು ಸಮಾನ ನೆಲೆ ಸಿಕ್ಕಿತು. ಆರಂಭದಲ್ಲಿ ಅಂಕಿ, ಕಾಲ, ಸಾಮರ್ಥ್ಯ ಮೂರೂ ಒಂದೇ ದಿಕ್ಕಿನಲ್ಲಿ ನಡೆದವು. ತಯಾರಕರ ಹೇಳಿಕೆಯಂತೆ ವಿ6 ಒಮ್ಮೆ ಚಾರ್ಜ್ ಮಾಡಿದರೆ ಹೆಚ್ಚೆಂದರೆ 20 ನಿಮಿಷ ಓಡುತ್ತಿತ್ತು, 2016ರ ವಿ8 40 ನಿಮಿಷ, 2018ರ ವಿ10 60 ನಿಮಿಷ. ಈ ಮೂರು ಹೆಸರುಗಳನ್ನಷ್ಟೇ ಕೇಳಿದವನು ಕಟ್ಟಿಕೊಳ್ಳುವ ಶ್ರೇಣಿ ತಪ್ಪುವುದಿಲ್ಲ.

ಮೊದಲ ಬಿರುಕು ಕಾಣಿಸಿದ್ದು 2017ರಲ್ಲಿ. ವಿ8 ಬಂದ ಮರುವರ್ಷ ವಿ7 ಬಂತು. ಅದರ ಓಟದ ಅವಧಿ 30 ನಿಮಿಷ. ಅಂದರೆ ವಿ6 ಮತ್ತು ವಿ8ರ ನಡುವಿನ ಜಾಗಕ್ಕೆ ಸರಿಯಾಗಿ ಹೊಂದುವ ಅಗ್ಗದ ಯಂತ್ರ. ದರ್ಜೆಯ ದೃಷ್ಟಿಯಿಂದ ಹೆಸರು ಸರಿಯಾಗಿದೆ. ಆದರೆ ಈಗ ಅಂಕಿ ಕಾಲವನ್ನು ಹೇಳುತ್ತಿಲ್ಲ: ಚಿಕ್ಕ ಅಂಕಿಯ ಯಂತ್ರ ಹೊಸದು, ದೊಡ್ಡ ಅಂಕಿಯದು ಹಳೆಯದು. ಅಲ್ಲಿಯವರೆಗೆ ಕಾಲ ಮತ್ತು ದರ್ಜೆ ಒಂದಾಗಿದ್ದುದರಿಂದ ಅಂಕಿ ಯಾವುದನ್ನು ಹೇಳುತ್ತದೆ ಎಂದು ತೀರ್ಮಾನಿಸುವ ಅಗತ್ಯವೇ ಇರಲಿಲ್ಲ. ವಿ7ರೊಂದಿಗೆ ಸರಣಿಯು ದರ್ಜೆಯನ್ನು ಆರಿಸಿಕೊಂಡಿತು ಎನ್ನಬಹುದು.

ಆ ಆಯ್ಕೆಯನ್ನೇ ಮುಂದುವರಿಸಿದ್ದರೆ ಸರಣಿ ಉಳಿಯುತ್ತಿತ್ತು. 2021ರಲ್ಲಿ ವಿ15 ಡಿಟೆಕ್ಟ್ ಮತ್ತು ವಿ12 ಡಿಟೆಕ್ಟ್ ಸ್ಲಿಮ್ ಎಂಬ ಎರಡು ಯಂತ್ರಗಳು ಬಂದವು. ಇವು ಒಂದೇ ಪೀಳಿಗೆಯ ದೊಡ್ಡಣ್ಣ, ಚಿಕ್ಕತಮ್ಮ. ಎರಡರಲ್ಲೂ ದೂಳಿನ ಕಣಗಳನ್ನು ಅಳೆದು ತೋರಿಸುವ ಪರದೆಯಿದೆ, ನೆಲದ ದೂಳನ್ನು ಬೆಳಗಿ ತೋರಿಸುವ ಬೆಳಕಿದೆ. ಇವುಗಳ ನಡುವೆ ಅಂಕಿ ದರ್ಜೆಯನ್ನು ಸರಿಯಾಗಿಯೇ ಹೇಳುತ್ತದೆ. ಸಮಸ್ಯೆ ಇರುವುದು ಅದಕ್ಕೂ ಮೊದಲಿನ ವಿ11ರ ಜೊತೆಗಿನ ಹೋಲಿಕೆಯಲ್ಲಿ. ಇಂಥ ಯಂತ್ರಗಳ ಹೀರುವ ಬಲವನ್ನು ಏರ್‌ವಾಟ್ ಎಂಬ ಮಾನದಲ್ಲಿ ಹೇಳುವುದು ರೂಢಿ. ತಯಾರಕರೇ ನೀಡಿದ ಗರಿಷ್ಠ ಅಂಕಿಯಂತೆ ವಿ11ರದು 185, ವಿ12ರದು 150. ಅಂದರೆ ಹೀರುವ ಬಲದಲ್ಲಿ ವಿ12 ತನಗಿಂತ ಎರಡು ಮೆಟ್ಟಿಲು ಕೆಳಗಿನ ವಿ10ರ ಆಸುಪಾಸಿನಲ್ಲೇ ಇದೆ. ಆದರೆ ಅದರ ತೂಕ ವಿ11ಕ್ಕಿಂತ ಬಹಳ ಕಡಿಮೆ, ಮತ್ತು ವಿ11ರಲ್ಲಿ ಇಲ್ಲದ ಕಣಮಾಪನ ಅದರಲ್ಲಿದೆ.

ಹಾಗಾದರೆ ವಿ12 ವಿ11ಕ್ಕಿಂತ ಮೇಲೋ ಕೆಳಗೋ? ಪೀಳಿಗೆಯಲ್ಲಿ ಮೇಲು, ಅರಿಯುವ ಸಾಮರ್ಥ್ಯದಲ್ಲಿ ಮೇಲು, ಹಗುರತನದಲ್ಲಿ ಮೇಲು, ಹೀರುವ ಬಲದಲ್ಲಿ ಕೆಳಗು. ಯಂತ್ರ ಕೆಟ್ಟದ್ದೆಂದು ಇದರ ಅರ್ಥವಲ್ಲ. ನಾಲ್ಕು ಗುಣಗಳು ನಾಲ್ಕು ಕಡೆಗೆ ಎಳೆಯುತ್ತಿರುವಾಗ ಹೆಸರಿನಲ್ಲಿ ಅವಕ್ಕೆಲ್ಲ ಇರುವುದು ಒಂದೇ ಅಂಕಿ. ಎಂಜಿನ್ನಿನ ಪ್ರತಿಧ್ವನಿಯಿಂದ ಆ ಅಂಕಿಯನ್ನು ಬಲವೆಂದು ಓದಲು ಕಲಿತ ಗ್ರಾಹಕ ನಿಖರವಾಗಿ ಆ ಒಂದು ಗುಣದಲ್ಲೇ ತಪ್ಪು ತಿಳಿಯುತ್ತಾನೆ.

ಇದನ್ನು ಭಾಷಿಕವಾಗಿ ಪರೀಕ್ಷಿಸಲು ಕನ್ನಡದಲ್ಲಿ ಸುಲಭವಾದ ಒಂದು ಸಾಧನವಿದೆ. 'ಆದ್ದರಿಂದ' ಎಂಬುದು ನಿರೀಕ್ಷೆ ಈಡೇರಿದುದನ್ನು, 'ಆದರೂ' ಎಂಬುದು ನಿರೀಕ್ಷೆ ಮುರಿದುದನ್ನು ಗುರುತಿಸುತ್ತದೆ. ಹೆಸರು ನಿಜವಾದ ಅಳತೆಯಾಗಿದ್ದರೆ ಅದರಿಂದ ಹುಟ್ಟುವ ವಾಕ್ಯಗಳು ಒಂದರೊಂದಿಗೆ ಮಾತ್ರ ಒಪ್ಪಬೇಕು.

'ಇದು ವಿ10, ಆದ್ದರಿಂದ ವಿ8ಕ್ಕಿಂತ ಹೆಚ್ಚು ಹೊತ್ತು ಓಡುತ್ತದೆ.' ಈ ವಾಕ್ಯ ಸಹಜ. 'ಆದ್ದರಿಂದ'ದ ಜಾಗದಲ್ಲಿ 'ಆದರೂ' ಇಟ್ಟರೆ ವಾಕ್ಯ ಕೆಡುತ್ತದೆ.

'ಇದು ವಿ12, ಆದರೂ ವಿ11ಕ್ಕಿಂತ ಹೀರುವ ಬಲ ಕಡಿಮೆ.' ಈ ವಾಕ್ಯವೂ ಸಹಜ, ಮತ್ತು ನಿಜ. 'ಇದು ವಿ12, ಆದ್ದರಿಂದ ವಿ11ಕ್ಕಿಂತ ಹೀರುವ ಬಲ ಕಡಿಮೆ' ಎಂದರೆ ಕೇಳುಗ ಬೆಚ್ಚುತ್ತಾನೆ.

ಎರಡನೆಯ ಜೋಡಿಯಲ್ಲಿ ವಸ್ತುಸ್ಥಿತಿಯನ್ನು ಹೇಳಲು 'ಆದರೂ' ಅನಿವಾರ್ಯವಾಗಿದೆ. ಹೆಸರು ಒಂದು ನಿರೀಕ್ಷೆಯನ್ನು ಹುಟ್ಟಿಸಿದೆ, ಯಂತ್ರ ಅದನ್ನು ಈಡೇರಿಸಿಲ್ಲ ಎಂಬುದಕ್ಕೆ ಇದು ವ್ಯಾಕರಣವೇ ನೀಡುವ ಸಾಕ್ಷ್ಯ. ಹೆಸರು ಸುಳ್ಳು ಹೇಳಿತೆಂದು ಯಾರೂ ದೂರುವಂತಿಲ್ಲ. ಲಾರೆನ್ಸ್ ಹಾರ್ನ್ 1972ರ ತಮ್ಮ ಪ್ರಬಂಧದಿಂದ ಮೊದಲುಗೊಂಡು ತೋರಿಸಿದಂತೆ, ಶ್ರೇಣಿಯ ಪದಗಳು ವಾಚ್ಯವಾಗಿ ಹೇಳದ್ದನ್ನು ಸೂಚ್ಯವಾಗಿ ಹೇಳುತ್ತವೆ. 'ಕೆಲವರು ಬಂದರು' ಎಂದರೆ 'ಎಲ್ಲರೂ ಬರಲಿಲ್ಲ' ಎಂದು ಕೇಳುಗ ತಿಳಿಯುತ್ತಾನೆ. ಸೂಚ್ಯಾರ್ಥವನ್ನು ಹಿಂದೆಗೆದುಕೊಳ್ಳಬಹುದು: 'ಕೆಲವರು, ಅಲ್ಲ, ಎಲ್ಲರೂ ಬಂದರು' ಎನ್ನಬಹುದು. ಆದರೆ ಮಾತಿನಲ್ಲಿ ಹಿಂದೆಗೆದುಕೊಳ್ಳುವವನು ಮಾತನಾಡಿದವನೇ. ಯಂತ್ರದ ಹೆಸರಿನಲ್ಲಿ ಆ ಹೊಣೆ ಕೇಳುಗನ ಮೇಲೆ ಬೀಳುತ್ತದೆ. ಅವನು ವಿವರಪತ್ರಿಕೆಯನ್ನು ಓದಿ ತಾನೇ 'ಆದರೂ' ಎಂದುಕೊಳ್ಳಬೇಕು. ಓದದಿದ್ದರೆ ಸೂಚ್ಯಾರ್ಥಕ್ಕೇ ಹಣ ತೆತ್ತಿರುತ್ತಾನೆ.

ವಿ15ರ ಬಳಿಕ ಬಂದ ಮೇಲಿನ ಮಾದರಿಯ ಹೆಸರು ಜೆನ್5ಡಿಟೆಕ್ಟ್. ಅದು ಐದನೆಯ ಪೀಳಿಗೆಯ ಮೋಟಾರನ್ನು ಸೂಚಿಸುತ್ತದೆ. ಕಾಲ ಮತ್ತು ದರ್ಜೆಗಳ ಗೋಜಲಿನಿಂದ ಬಿಡಿಸಿಕೊಳ್ಳಲು ಅಂಕಿಗೆ ಪೀಳಿಗೆಯ ಕೆಲಸವನ್ನು ಬಾಯಿಬಿಟ್ಟು ವಹಿಸಿದ ಹೆಸರೆಂದು ಇದನ್ನು ಓದಬಹುದು. ಆದರೆ ಅಂಗಡಿಯ ಕಪಾಟಿನಲ್ಲಿ ಅದರ ಪಕ್ಕದಲ್ಲಿ ಇನ್ನೂ ವಿ8, ವಿ12, ವಿ15 ನಿಂತಿರುವಾಗ ಹದಿನೈದರ ಮುಂದೆ ಐದು ಬಂದು ನಿಲ್ಲುತ್ತದೆ. ಹೊಸ ಶ್ರೇಣಿ ಹಳೆಯದನ್ನು ಅಳಿಸುವುದಿಲ್ಲ; ಕೇಳುಗ ಎರಡನ್ನೂ ಒಟ್ಟಿಗೆ ಹೊರಬೇಕಾಗುತ್ತದೆ.

4. ಪದಗಳು: ತುದಿಯಿರುವವು, ತುದಿಯಿಲ್ಲದವು

ಅಂಕಿಯ ನಂತರ ಬರುವ ಪದಗಳ ಕಥೆ ಬೇರೆ. ವಿ8ರ ಯಂತ್ರಗಳು ಅನಿಮಲ್, ಅಬ್ಸಲ್ಯೂಟ್ ಎಂಬ ಹೆಚ್ಚುವರಿ ಹೆಸರುಗಳಲ್ಲಿ ಮಾರಾಟವಾದವು. ಎರಡರ ಮೋಟಾರು ಒಂದೇ. ಅಬ್ಸಲ್ಯೂಟ್ ಜೊತೆಗೆ ಗಟ್ಟಿನೆಲಕ್ಕೆ ಒಪ್ಪುವ ಮೃದುವಾದ ರೋಲರ್ ಇರುವ ಇನ್ನೊಂದು ತಲೆಭಾಗ ಬರುತ್ತಿತ್ತು. ಅಂದರೆ ಅಂಕಿ ಮೋಟಾರನ್ನೂ ಪದ ಉಪಸಾಧನಗಳನ್ನೂ ಹೇಳುತ್ತಿದ್ದವು. ಎರಡು ಗುಣಗಳಿಗೆ ಎರಡು ಸ್ಥಾನಗಳು; ವಿನ್ಯಾಸವಾಗಿ ಇದು ಒಳ್ಳೆಯದೇ.

ಆದರೆ ಆಯ್ದ ಪದಗಳು ಒಂದೇ ಶ್ರೇಣಿಗೆ ಸೇರುವುದಿಲ್ಲ. ಅನಿಮಲ್ ಎಂಬುದು ನಾಮಪದ, ಬಳಕೆಯ ಸಂದರ್ಭವನ್ನು ಹೇಳುತ್ತದೆ: ಸಾಕುಪ್ರಾಣಿಯ ಕೂದಲು ಬೀಳುವ ಮನೆ. ಅಬ್ಸಲ್ಯೂಟ್ ಎಂಬುದು ಗುಣವಾಚಕ, ಪರಿಪೂರ್ಣತೆಯ ತುದಿಯನ್ನು ಹೇಳುತ್ತದೆ. 'ನಾಯಿಯಿರುವ ಮನೆಗೆ' ಮತ್ತು 'ಪರಿಪೂರ್ಣ' ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದರೆ ಉತ್ತರಿಸಲಾಗದು, ಏಕೆಂದರೆ ಅವು ಒಂದೇ ಪ್ರಶ್ನೆಗೆ ಉತ್ತರಗಳಲ್ಲ.

ತುದಿಯ ಪದವನ್ನು ಆರಿಸಿದಾಗ ಇನ್ನೊಂದು ತೊಡಕು ಹುಟ್ಟುತ್ತದೆ. ಕೆನಡಿ ಮತ್ತು ಮೆಕ್‌ನಲಿ 2005ರಲ್ಲಿ ಗುಣವಾಚಕಗಳನ್ನು ಅವುಗಳ ಅಳತೆಗೆ ತುದಿ ಇದೆಯೋ ಇಲ್ಲವೋ ಎಂಬುದರ ಮೇಲೆ ವಿಂಗಡಿಸಿದರು. 'ಎತ್ತರ' ಎಂಬುದಕ್ಕೆ ಮೇಲಿನ ತುದಿಯಿಲ್ಲ, ಎಷ್ಟು ಎತ್ತರವಾದರೂ ಇನ್ನೂ ಎತ್ತರ ಸಾಧ್ಯ. 'ತುಂಬಿದ' ಎಂಬುದಕ್ಕೆ ತುದಿಯಿದೆ, ತುಂಬಿದ ಕೊಡವನ್ನು ಇನ್ನಷ್ಟು ತುಂಬಲಾಗದು. ಅಬ್ಸಲ್ಯೂಟ್ ಎರಡನೆಯ ಗುಂಪಿನದು. ಅದನ್ನು ಒಮ್ಮೆ ಬಳಸಿದರೆ ಅದರ ಮೇಲೆ ಜಾಗವಿಲ್ಲ. ವಿ10ರ ಹೊತ್ತಿಗೆ ಕೆಲವು ಮಾರುಕಟ್ಟೆಗಳಲ್ಲಿ ಇನ್ನೂ ಹೆಚ್ಚು ಉಪಸಾಧನಗಳಿರುವ ಕಟ್ಟಿಗೆ ಹೆಸರು ಬೇಕಾದಾಗ ಟೋಟಲ್ ಕ್ಲೀನ್ ಎಂಬ ಹೆಸರು ಬಂತು. ಅದೂ ತುದಿಯ ಪದವೇ. 'ಪರಿಪೂರ್ಣ'ಕ್ಕಿಂತ 'ಸಮಗ್ರ' ಮೇಲು ಎಂದು ಯಾವ ಶಬ್ದಕೋಶವೂ ಹೇಳುವುದಿಲ್ಲ.

ಕನ್ನಡ ಓದುಗರಿಗೆ ಈ ಸವಕಲು ಹೊಸದಲ್ಲ. ಮೇಲುಕೀಳುಗಳ ಕ್ರಮಕ್ಕೆ ನಮ್ಮಲ್ಲಿರುವ 'ತರತಮ' ಎಂಬ ಪದವೇ ಸಂಸ್ಕೃತದ ಎರಡು ಪ್ರತ್ಯಯಗಳಿಂದ ಆದದ್ದು: ಎರಡರಲ್ಲಿ ಹೆಚ್ಚಿನದಕ್ಕೆ ತರ, ಎಲ್ಲದರಲ್ಲಿ ಹೆಚ್ಚಿನದಕ್ಕೆ ತಮ. 'ಉತ್ತಮ' ಎಂಬ ಪದದಲ್ಲೂ ಆ ತಮ ಇದೆ. ಮೂಲದಲ್ಲಿ ಅದು ಎಲ್ಲಕ್ಕಿಂತ ಮೇಲಿನದು. ಆದರೆ ಕನ್ನಡದಲ್ಲಿ 'ಉತ್ತಮ' ಎಂದರೆ ಬರಿಯ ಒಳ್ಳೆಯದು. ತುದಿಯನ್ನು ಹೇಳಬೇಕಾದರೆ 'ಅತ್ಯುತ್ತಮ' ಎನ್ನಬೇಕು. 'ಶ್ರೇಷ್ಠ'ವೂ ಮೂಲದಲ್ಲಿ ತುದಿಯ ರೂಪ. ಅದು ಸಾಲದೆ 'ಸರ್ವಶ್ರೇಷ್ಠ' ಬಂತು. ಹೊಗಳಿಕೆಗೆ ಬಳಕೆಯಾಗುವ ತುದಿಯ ಪದ ಮೆಲ್ಲಗೆ ನಡುವಿಗೆ ಜಾರುತ್ತದೆ, ಅದರ ಮೇಲೆ ಹೊಸ ತುದಿಯನ್ನು ಕಟ್ಟಬೇಕಾಗುತ್ತದೆ. ಭಾಷೆಯಲ್ಲಿ ಶತಮಾನಗಳು ಹಿಡಿದ ಈ ಜಾರುವಿಕೆ ಮಾದರಿಗಳ ಹೆಸರಿನಲ್ಲಿ ಎರಡು ಮೂರು ವರ್ಷಗಳಲ್ಲಿ ನಡೆದುಹೋಗುತ್ತದೆ.

ಅಚ್ಚಗನ್ನಡ ಇದಕ್ಕೆ ಬೇರೊಂದು ದಾರಿಯನ್ನು ಹಿಡಿದಿದೆ. ನಮ್ಮ ಗುಣವಾಚಕಗಳಿಗೆ ತರ, ತಮಗಳಂಥ ರೂಪವಿಲ್ಲ. 'ಇದು ಅದಕ್ಕಿಂತ ದೊಡ್ಡದು' ಎನ್ನುವಾಗ 'ದೊಡ್ಡದು' ಎಂಬ ಪದ ಬದಲಾಗುವುದಿಲ್ಲ. ಹೋಲಿಕೆ ನಿಲ್ಲುವುದು 'ಅದಕ್ಕಿಂತ' ಎಂಬಲ್ಲಿ. ಯಾವುದಕ್ಕಿಂತ ಎಂದು ಹೇಳದೆ ಹೋಲಿಸುವುದು ಕನ್ನಡದಲ್ಲಿ ಕಷ್ಟ. ಹೆಸರಿಡುವವರಿಗೆ ಇದು ಅನನುಕೂಲವೆಂದು ತೋರಬಹುದು. ನಮಗೆ ಮಾತ್ರ ಇದು ಪ್ರಸ್ತುತ ಸಮಸ್ಯೆಯ ಒಳ್ಳೆಯ ರೋಗನಿದಾನದಂತೆ ಕಾಣುತ್ತದೆ: ಹೋಲಿಕೆಯ ನೆಲೆಯನ್ನು ಹೇಳದ ಹೆಸರು ಏರಿಕೆಯನ್ನೂ ಹೇಳುವುದಿಲ್ಲ.

5. ನೆಲೆಯನ್ನು ಕಾಯುವ ಹೆಸರುಗಳು

ಹೋಲಿಕೆಗೆ ಬಾಷ್ ಸಂಸ್ಥೆಯ ಪದ್ಧತಿಯನ್ನು ನೋಡಬಹುದು. ಯುರೋಪಿನಲ್ಲೂ ಭಾರತದಲ್ಲೂ ಅದರ ಬಟ್ಟೆ ಒಗೆಯುವ, ಪಾತ್ರೆ ತೊಳೆಯುವ ಯಂತ್ರಗಳು ಸೀರೀಸ್ 2, 4, 6, 8 ಎಂಬ ದರ್ಜೆಗಳಲ್ಲಿ ಬರುತ್ತವೆ. ಈ ಅಂಕಿ ದರ್ಜೆಯನ್ನಷ್ಟೇ ಹೇಳುತ್ತದೆ. ಹೊಸ ಯಂತ್ರ ಬಂದಾಗ ಅದು ಸೀರೀಸ್ 9 ಆಗುವುದಿಲ್ಲ. ಇರುವ ದರ್ಜೆಗಳಲ್ಲೇ ಒಂದಕ್ಕೆ ಸೇರುತ್ತದೆ. ಪ್ರತಿಯೊಂದು ವಿನ್ಯಾಸವನ್ನು ಗುರುತಿಸುವ ಕೆಲಸ ಅಕ್ಷರ ಮತ್ತು ಅಂಕಿಗಳ ಉದ್ದನೆಯ ಸಂಕೇತಕ್ಕೆ ಬಿಟ್ಟದ್ದು. ಅದನ್ನು ಯಾರೂ ಬಾಯಲ್ಲಿ ಹೇಳುವುದಿಲ್ಲ. ಗುರುತಿನ ಹೊಣೆ ಮತ್ತು ಅಳತೆಯ ಹೊಣೆ ಇಲ್ಲಿ ಬೇರೆಯಾಗಿವೆ.

ಸಮಸಂಖ್ಯೆಗಳ ಆಯ್ಕೆಯೂ ಗಮನಾರ್ಹ. ಎರಡರಿಂದ ಆರಂಭವಾಗುವುದರಿಂದ ಅತಿ ಕೆಳಗಿನ ಯಂತ್ರಕ್ಕೂ 'ಒಂದು' ಎಂಬ ಹೆಸರು ತಪ್ಪುತ್ತದೆ; ಒಂದು ಎಂದಿದ್ದರೆ ಅದು ಕ್ರಮಸೂಚಕವಾಗಿ ಕೇಳಿಸಿ ದಿಕ್ಕೇ ತಿರುಗುವ ಸಾಧ್ಯತೆ ಇತ್ತು. ಮೆಟ್ಟಿಲುಗಳ ನಡುವೆ ಜಾಗ ಉಳಿಯುತ್ತದೆ. ಎಂಟರ ಮೇಲೂ ಅಂಕಿಗಳಿರುವುದರಿಂದ ತುದಿ ಮುಚ್ಚಿಲ್ಲ. ಅಮೆರಿಕದಲ್ಲಿ ಇದೇ ಸಂಸ್ಥೆಯ ಪಾತ್ರೆ ತೊಳೆಯುವ ಯಂತ್ರಗಳು 100, 300, 500, 800 ಎಂಬ ದರ್ಜೆಗಳಲ್ಲಿ ಬಂದು, ಮೇಲ್ತುದಿಯಲ್ಲಿ ಬೆಂಚ್‌ಮಾರ್ಕ್ ಎಂಬ ಪದ ನಿಂತಿತು. ಅಂಕಿಗಳ ಸಾಲಿನಲ್ಲಿ ಒಂದೇ ಒಂದು ಪದವಿದ್ದರೆ ಅದು ಸಾಲಿನ ಹೊರಗೆ, ಅಂದರೆ ಮೇಲೆ ನಿಂತಂತೆ ಕೇಳಿಸುತ್ತದೆ. ಆ ಪರಿಣಾಮ ಒಂದೇ ಪದಕ್ಕೆ ಮಾತ್ರ ದಕ್ಕುತ್ತದೆ. ಎರಡನೆಯ ಪದ ಬಂದರೆ ಅಬ್ಸಲ್ಯೂಟ್ ಮತ್ತು ಟೋಟಲ್‌ಗಳ ಸಮಸ್ಯೆ ಮರಳುತ್ತದೆ.

ಈ ಪದ್ಧತಿಗೂ ಮಿತಿಗಳಿವೆ. ಬಟ್ಟೆ ಒಗೆಯುವ ಯಂತ್ರದ ಆರಕ್ಕೂ ಪಾತ್ರೆ ತೊಳೆಯುವ ಯಂತ್ರದ ಆರಕ್ಕೂ ಯಾವ ಸಮಾನ ಗುಣವೂ ಇಲ್ಲ. ಶ್ರೇಣಿ ಆಯಾ ಉಪಕರಣದ ಒಳಗೆ ಮಾತ್ರ ಅರ್ಥವುಳ್ಳದ್ದು. ದರ್ಜೆಯಲ್ಲಿ ಹಲವು ಗುಣಗಳು ಒಟ್ಟಾಗಿ ಸೇರಿರುವುದರಿಂದ, ಒಂದು ನಿರ್ದಿಷ್ಟ ಗುಣವನ್ನಷ್ಟೇ ಬಯಸುವವನಿಗೆ ಅಂಕಿ ಸಾಲುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲವನ್ನು ಹೆಸರಿನಿಂದ ಹೊರಗಿಟ್ಟುದರ ಬೆಲೆಯೂ ಇದೆ: ಇಂದಿನ ನಾಲ್ಕು ಕೆಲವು ವರ್ಷಗಳ ಹಿಂದಿನ ಆರನ್ನು ಮೀರಿಸಿದರೂ ಹೆಸರಿನಿಂದ ಅದು ತಿಳಿಯುವುದಿಲ್ಲ.

ಈ ಕೊನೆಯ ಸಮಸ್ಯೆಗೆ ಪರಿಹಾರ ಹೆಸರಿನಲ್ಲಿಲ್ಲದಿದ್ದರೂ ಹೆಸರಿನ ಪಕ್ಕದಲ್ಲಿ ಇರಬಹುದು. ನಮ್ಮ ದೇಶದ ಇಂಧನ ದಕ್ಷತಾ ಮಂಡಳಿ ನೀಡುವ ನಕ್ಷತ್ರಗಳ ಲೇಬಲ್ ಇದಕ್ಕೆ ನಿದರ್ಶನ. ಒಂದರಿಂದ ಐದರವರೆಗಿನ ನಕ್ಷತ್ರಗಳು ವಿದ್ಯುತ್ ಬಳಕೆಯ ದಕ್ಷತೆ ಎಂಬ ಒಂದೇ ಗುಣವನ್ನು ಹೇಳುತ್ತವೆ. ಅಳತೆಯ ಮಾನದಂಡ ಕಾಲಕಾಲಕ್ಕೆ ಬಿಗಿಯಾಗುತ್ತದೆ. ಹವಾನಿಯಂತ್ರಕಗಳಿಗೆ 2022ರ ಜುಲೈನಲ್ಲಿ ಹೀಗೆ ಬಿಗಿಯಾದಾಗ ಅಲ್ಲಿಯವರೆಗೆ ಐದು ನಕ್ಷತ್ರ ಪಡೆದಿದ್ದ ಯಂತ್ರ ನಾಲ್ಕಕ್ಕೆ ಇಳಿಯಿತು. ಯಂತ್ರ ಬದಲಾಗಲಿಲ್ಲ, ಅದರ ದರ್ಜೆ ಬದಲಾಯಿತು. ಇದು ಗೊಂದಲವಾಗದಿರಲು ಕಾರಣ ಲೇಬಲ್ಲಿನ ಮೇಲೆ ಅದು ಯಾವ ಅವಧಿಗೆ ಅನ್ವಯಿಸುತ್ತದೆ ಎಂದು ಅಚ್ಚಾಗಿರುವುದು. ದರ್ಜೆಗೆ ಒಂದು ಜಾಗ, ಕಾಲಕ್ಕೆ ಇನ್ನೊಂದು ಜಾಗ. 'ಅದಕ್ಕಿಂತ' ಎಂಬುದರ 'ಅದು' ಯಾವುದೆಂದು ಲೇಬಲ್ಲೇ ಹೇಳುತ್ತದೆ.

ಹೆಸರಿನ ಅಧ್ಯಯನದಲ್ಲಿ ತೊಡಗಿರುವ ಸಂಶೋಧಕರಿಗೆ ಇದರಿಂದ ದೊರೆಯುವ ವಿಧಾನ ಸರಳವಾಗಿದೆ. ಮಾದರಿಗಳ ಸಾಲೊಂದನ್ನು ಶ್ರೇಣಿ ಎಂದು ಒಪ್ಪಿಕೊಳ್ಳುವ ಮೊದಲು, ಅದರ ಪ್ರತಿಯೊಂದು ಪಕ್ಕದ ಜೋಡಿಗೆ, ಪ್ರತಿಯೊಂದು ಮುಖ್ಯ ಗುಣವನ್ನಿಟ್ಟು 'ಆದ್ದರಿಂದ' ಮತ್ತು 'ಆದರೂ' ವಾಕ್ಯಗಳನ್ನು ಕಟ್ಟಬೇಕು. ವಸ್ತುಸ್ಥಿತಿಯನ್ನು ಎಲ್ಲೆಡೆ 'ಆದ್ದರಿಂದ' ಎಂದೇ ಹೇಳಲು ಬಂದರೆ ಸಾಲು ನಿಜವಾದ ಶ್ರೇಣಿ. ಒಂದು ಗುಣದಲ್ಲಿ ಮಾತ್ರ 'ಆದರೂ' ನುಸುಳಿದರೆ, ಆ ಗುಣಕ್ಕೆ ಹೆಸರಿನಲ್ಲಿ ಬೇರೆ ಸ್ಥಾನ ಬೇಕೆಂದು ಅರ್ಥ. ವಿ12ಕ್ಕೆ ಅಂಟಿದ 'ಸ್ಲಿಮ್' ಎಂಬ ಪದ ಈ ಕೆಲಸವನ್ನು ಅರೆಮನಸ್ಸಿನಿಂದ ಮಾಡುತ್ತದೆ, ಏಕೆಂದರೆ ಅದು ಹಗುರತನವನ್ನು ಹೇಳಿ ಬಲದ ಇಳಿಕೆಯನ್ನು ಊಹೆಗೆ ಬಿಡುತ್ತದೆ. ಜೋಡಿ ಬದಲಾದಂತೆ 'ಆದರೂ' ಕಾಣಿಸುವ ಗುಣವೂ ಬದಲಾಗುತ್ತಿದ್ದರೆ ಅದು ಶ್ರೇಣಿಯಲ್ಲ, ಶ್ರೇಣಿಯ ವೇಷ ತೊಟ್ಟ ಪಟ್ಟಿ. ಆಗ ಡಿಸಿ01ರಂಥ ನಿರಾಡಂಬರ ಕ್ರಮಸಂಖ್ಯೆಯೇ ಹೆಚ್ಚು ನ್ಯಾಯವಾದ ಹೆಸರು.